ಎಂಟು ಬಣ್ಣದ ವೇಳಾಪಟ್ಟಿ

ಗಣಿತದ ಮೇಷ್ಟ್ರು ಮೂರು ದಿನ ಊಟ ನಿದ್ದೆ ಬಿಟ್ಟು ಕಂಪ್ಯೂಟರಿನಲ್ಲಿ ತಯಾರಿಸಿದ ವೇಳಾಪಟ್ಟಿಯನ್ನು ನವಿಲು ನೋಡಿದ್ದರೆ ನಾಚಿ ಗರಿ ಉದುರಿಸಿಕೊಳ್ಳುತ್ತಿತ್ತು. ಎಂಟು ವಿಷಯಕ್ಕೆ ಎಂಟು ಗಾಢ ಬಣ್ಣ. ಬಣ್ಣವೇ ಮಾತಾಡುವಾಗ ಅಕ್ಷರವೇಕೆಂದು ಚೌಕಗಳಲ್ಲಿ ವಿಷಯದ ಹೆಸರನ್ನೇ ಬರೆದಿರಲಿಲ್ಲ. ಯಾವ ಬಣ್ಣ ಯಾವ ವಿಷಯಕ್ಕೆಂದು ಕೆಳಗೊಂದು ಪಟ್ಟಿಯಿತ್ತು, ಅಷ್ಟೆ. ವಿರಾಮಕ್ಕೆ ಕಡುನೀಲಿ, ಅದರ ಮೇಲೆ ಕಪ್ಪು ಅಕ್ಷರ.

ನೋಟಿಸ್ ಬೋರ್ಡಿನ ಮುಂದೆ ಮಕ್ಕಳು ಗೊಂದಲಪಟ್ಟರೆ ಮುಂದೆ ವೇಳಾಪಟ್ಟಿ ಮಾಡುವ ಕೆಲಸ ಡ್ರಿಲ್ ಮೇಷ್ಟ್ರಿಗೆ ಎಂದು ಮುಖ್ಯೋಪಾಧ್ಯಾಯಿನಿ ಎಚ್ಚರಿಸಿದ್ದರು. ಆ ಕೆಲಸ ಕೈತಪ್ಪಿದರೆ, ಶನಿವಾರದ ಕೊನೆಯ ಪೀರಿಯಡ್ಡನ್ನು ತಮಗೇ ಬಿಡುವಾಗಿ ಇಟ್ಟುಕೊಳ್ಳುವ ಸುಖವೂ ಹೋದಂತೆಯೇ.

ಆಫೀಸಿನ ಪ್ರಿಂಟರಿಗೆ ಗೊತ್ತಿದ್ದದ್ದು ಕಪ್ಪು ಬಿಳುಪು ಮಾತ್ರ. ಹಾಳೆ ಹೊರಬಂದಾಗ ಕೆಂಪು, ಹಸಿರು, ನೇರಳೆ ಎಲ್ಲ ಒಂದೇ ಬೂದು. ವಿರಾಮವಂತೂ ಕಾಡಿಗೆ ಡಬ್ಬಿಗೆ ಬಿದ್ದಿತ್ತು.

"ಸಾರ್, ಈ ವರ್ಷ ಮಕ್ಕಳಿಗೆ ಬ್ರೇಕೇ ಇಲ್ವಾ?" ಎಂದರು ಆಫೀಸಿನ ಗುಮಾಸ್ತೆ.

"ಪ್ರಿಂಟರ್ ಕೆಟ್ಟಿದೆ ಕಣಮ್ಮ."

"ಹೌದು ಬಿಡಿ, ಇಷ್ಟು ವರ್ಷ ನಿಮಗೋಸ್ಕರನೇ ಕಾಯ್ತಿತ್ತು ಕೆಡೋಕೆ. ಬಣ್ಣ ತೆಳು ಮಾಡಿ, ಒಂದೊಂದು ಚೌಕದಲ್ಲೂ ವಿಷಯದ ಹೆಸರು ದಪ್ಪಕ್ಷರದಲ್ಲಿ ಹಾಕಿ. ಬ್ರೇಕ್ ಬಿಳಿ ಇರ್ಲಿ, ಸುತ್ತ ದಪ್ಪ ಗೆರೆ."

ಮೇಷ್ಟ್ರು ಬೆಟ್ಟದಷ್ಟು ಜಂಬವನ್ನು ಒಂದೇ ಗುಟುಕಿಗೆ ನುಂಗಿ ತಿದ್ದಿದರು. ಹೊಸ ಹಾಳೆಯನ್ನು ಮಕ್ಕಳು ಹತ್ತು ಅಡಿ ದೂರದಿಂದಲೇ ಓದಿ ತರಗತಿಗೆ ಓಡಿದರು.

"ಸೊಗಸಾಗಿದೆ. ಯಾರ ಐಡಿಯಾ?" ಎಂದರು ಮುಖ್ಯೋಪಾಧ್ಯಾಯಿನಿ.

ಮೇಷ್ಟ್ರು ಗುಮಾಸ್ತೆಯತ್ತ ಕೈ ತೋರಿಸಿ, ರಾಜ್ಯವನ್ನೇ ದಾನ ಕೊಟ್ಟವರ ಔದಾರ್ಯದಲ್ಲಿ ಹೇಳಿದರು: "ಇವರೂ ಸ್ವಲ್ಪ ಸಹಾಯ ಮಾಡಿದ್ರು, ಮೇಡಂ."