ತಪ್ಪಿಲ್ಲದ ಸದ್ದು

ನಮ್ಮ ಮನೆತನದ ಕಿವಿಯಂಥ ಕಿವಿ ಭೂಮಿಯ ಮೇಲೆ ಇನ್ನೊಂದಿಲ್ಲ. ಮೂರನೇ ಬೀದಿಯಲ್ಲಿ ಇರುವೆ ಸೀನಿದರೆ ನಾನು ಇಲ್ಲಿಂದಲೇ ನೂರು ವರ್ಷ ಬಾಳು ಎಂದು ಹರಸುತ್ತಿದ್ದೆ. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಂಡೆ. ನನ್ನ ಪಾಲಿನದು ಸುಳ್ಳು, ನನ್ನ ತಮ್ಮನ ಪಾಲಿನದು ನಿಜ.

ಅವನು ಮೋಟರ್ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷದಿಂದ ಕೇಳುವ ಕೆಲಸ ಮಾಡುತ್ತಿದ್ದ. ನಗಬೇಡಿ, ಹಾಗೊಂದು ಕೆಲಸ ಇದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಇಟ್ಟರೆ, ಒಳಗಿನ ಬೇರಿಂಗಿನಲ್ಲಿ ಯಾವ ಗುಂಡು ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಸ್ಟೆತಾಸ್ಕೋಪು ಎಂದೇ ಕರೆಯುತ್ತಿದ್ದರು. ಮದುವೆಯಾಗಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನನ್ನ ಮನೆಗೇ ಬಂದ. ಅಕ್ಕನನ್ನು ನೋಡಿಕೊಳ್ಳುತ್ತಿದ್ದೇನೆ ಎಂದು ಅವನು, ತಮ್ಮನನ್ನು ನೋಡಿಕೊಳ್ಳುತ್ತಿದ್ದೇನೆ ಎಂದು ನಾನು, ಇಬ್ಬರೂ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆವು.

ಒಂದು ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದವನು ಅರ್ಧ ಮುಖದ ನೊರೆಯೊಂದಿಗೇ ಹೊರಗೆ ಬಂದ.

"ಅಕ್ಕಾ, ಮನೇಲಿ ಯಾವ್ದೋ ಬೇರಿಂಗ್ ಒಣಗಿದೆ. ಕೀ ಅಂತಿದೆ."

ಫ್ರಿಜ್ಜು ನೋಡಿದ. ಮಿಕ್ಸಿ ಬಿಚ್ಚಿದ. ಪಕ್ಕದ ಮನೆಯವರ ನೀರಿನ ಪಂಪಿಗೂ ಸ್ಕ್ರೂಡ್ರೈವರ್ ಇಟ್ಟು ಬೈಸಿಕೊಂಡು ಬಂದ. ಮೂರು ದಿನ ಹುಡುಕಿ, ನಾಲ್ಕನೇ ದಿನ ಬಟ್ಟೆಯ ಬೀರುವಿನೊಳಗೆ ತಲೆ ಹಾಕಿ ಬಾಗಿಲು ಎಳೆದುಕೊಂಡ. ಅಲ್ಲೂ ಅದೇ ಸದ್ದು. ಹೊರಗೆ ಬಂದಾಗ ಮುಖ ಸುಣ್ಣವಾಗಿತ್ತು.

"ಇದು ನನ್ನ ತಲೇಲೇ ಇದೆ ಅಕ್ಕಾ."

ಡಾಕ್ಟರು ಕಿವಿಯೊಳಗೆ ದೀಪ ಹಾಕಿ ನೋಡಿದರು, ರಕ್ತ ತೆಗೆದರು, ತಲೆಯ ಸ್ಕ್ಯಾನ್ ಮಾಡಿಸಿದರು. ಎಲ್ಲ ಸರಿ ಇದೆ ಎಂದರು. ಬೇರೆಯವರಾಗಿದ್ದರೆ ಸಿಹಿ ಹಂಚುತ್ತಿದ್ದರು. ನನ್ನ ತಮ್ಮ ಕುಸಿದು ಕೂತ. ಸದ್ದಿದ್ದರೆ ತಪ್ಪು ಇರಲೇಬೇಕು ಎಂದು ನಂಬಿಯೇ ಅನ್ನ ತಿಂದವನು.

ಕಿವಿಗೆ ವಿಶ್ರಾಂತಿ ಬೇಕೆಂದು ಅವನು ಹತ್ತಿ ತುರುಕಿಕೊಂಡ. ನಾನಾದರೂ ಕಡಿಮೆಯೇ? ಗಡಿಯಾರದ ಸೆಲ್ಲು ಕಿತ್ತೆ, ರೇಡಿಯೋ ಮುಚ್ಚಿಟ್ಟೆ, ಪಾತ್ರೆಗಳನ್ನು ಮಗುವಿನ ಹಾಗೆ ಎತ್ತಿ ಇಳಿಸಿದೆ. ಒಂದು ತಿಂಗಳು ನಾನು ಕೆಮ್ಮಲೂ ಇಲ್ಲ ಎಂದರೆ ನಂಬಿ. ಸರಿ, ಎರಡು ಸಲ ಕೆಮ್ಮಿದೆ. ಅಷ್ಟು ಮಾಡಿದರೂ ಅವನ ತಲೆಯೊಳಗಿನ ಕೂಗು ದಿನದಿನಕ್ಕೆ ಏರಿತು.

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಹೆಂಗಸು ಇದನ್ನು ಕೇಳಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಅಮ್ಮಾ, ಪ್ರೀತಿಯಿಂದಾನೇ ಎಡವಟ್ಟು ಮಾಡಿದ್ದೀರಿ. ಕಿವಿಯಿಂದ ಬರೋ ಸದ್ದು ಕಮ್ಮಿಯಾದ್ರೆ ಮಿದುಳು ತನ್ನ ವಾಲ್ಯೂಮ್ ತಾನೇ ಏರಿಸ್ಕೊಳ್ಳುತ್ತೆ. ಸ್ಟೇಷನ್ ಸಿಗದ ರೇಡಿಯೋನ ಜೋರು ಮಾಡಿದ್ರೆ ಬರೀ ಗೊರಗೊರ ಕೇಳಲ್ವಾ? ಇದೂ ಹಾಗೇ ಅಂತ ನಮ್ಮ ಊಹೆ. ಕಿವಿಯ ನರದಲ್ಲಿ ಸಣ್ಣ ಕೊರತೆ ಇದ್ರೂ ನಮ್ಮ ಪರೀಕ್ಷೆಗೆ ಸಿಗದೆ ಇರಬಹುದು."

"ಹಾಗಾದ್ರೆ ಎಲ್ಲೋ ತಪ್ಪಿದೆ ಅಂತಾಯ್ತು. ಬಿಚ್ಚಿ ನೋಡೋಕಾಗಲ್ವಾ?" ಎಂದ ತಮ್ಮ.

"ಮನುಷ್ಯರನ್ನ ಹಾಗೆ ಬಿಚ್ಚೋಕಾಗಲ್ಲ ಸರ್. ಇದನ್ನ ನಿಲ್ಲಿಸೋ ಮಾತ್ರೆನೂ ಇಲ್ಲ. ಆದ್ರೆ ಮಿದುಳು ಈಗ ಇದನ್ನ ಅಪಾಯ ಅಂದ್ಕೊಂಡು ಕಾವಲು ಕೂತಿದೆ. ಅಪಾಯ ಅಲ್ಲ ಅಂತ ಕಲಿತ್ರೆ ಸದ್ದಿದ್ರೂ ಗಮನಕ್ಕೆ ಬರಲ್ಲ. ತಿಂಗಳುಗಟ್ಟಲೆ ಬೇಕಾಗುತ್ತೆ."

ಹತ್ತಿ ತೆಗೆಯಿರಿ, ನಿಜವಾಗಿ ಕಿವಿಗಡಚಿಕ್ಕುವ ಜಾಗದಲ್ಲಿ ಮಾತ್ರ ರಕ್ಷಣೆ ಸಾಕು ಎಂದರು. ಮನೆಯಲ್ಲಿ ಸಣ್ಣಗೆ ಫ್ಯಾನಿನದೋ ನೀರಿನದೋ ಸದ್ದು ಇರಲಿ, ಅದು ಕೀ ಎನ್ನುವುದನ್ನು ಮುಳುಗಿಸಬಾರದು, ಅದಕ್ಕಿಂತ ಒಂದು ಕೂದಲೆಳೆ ಕೆಳಗಿರಬೇಕು ಎಂದರು. ಇದೆಯೋ ಹೋಯಿತೋ ಎಂದು ಗಳಿಗೆಗೊಮ್ಮೆ ನೋಡಿಕೊಳ್ಳಲೇಬಾರದು. ನನ್ನ ಬದುಕೇ ಮುಗಿಯಿತು ಎನ್ನುವ ಅವನ ಯೋಚನೆಯನ್ನು ಪಳಗಿಸುವುದಕ್ಕೆ ವಾರಕ್ಕೊಮ್ಮೆ ಮಾತುಕತೆಗೆ ಬರಲು ಚೀಟಿ ಬರೆದುಕೊಟ್ಟರು.

ಫ್ಯಾನ್ ಹಾಕಿದೆ. ಅವನು ಅರ್ಧ ಗಂಟೆ ಕೂತು, ಏಣಿ ತಂದು ಬಿಚ್ಚಿದ.

"ಕೆಳಗಿನ ಬೇರಿಂಗು ಹೋಗ್ತಾ ಇದೆ ಅಕ್ಕಾ."

"ನೀನು ಹೋಗ್ತಾ ಇದೀಯ ಕಣೋ! ಸುಮ್ನೆ ಕೇಳು ಅಂದ್ರೆ ಪೋಸ್ಟ್‌ಮಾರ್ಟಂ ಮಾಡ್ತಾನೆ!"

ನಲ್ಲಿ ತೆರೆದರೆ ವಾಷರು ಸವೆದಿದೆ ಎಂದ. ಫೋನಿನಲ್ಲಿ ಮಳೆಯ ಸದ್ದು ಹಾಕಿಕೊಟ್ಟರೆ, ನಲವತ್ತು ಸೆಕೆಂಡಿಗೊಮ್ಮೆ ಅದೇ ಹನಿ ಮತ್ತೆ ಬೀಳುತ್ತಿದೆ, ತೇಪೆ ಹಾಕಿದ ಜಾಗ ಕೇಳುತ್ತಿದೆ ಎಂದು ಹಲ್ಲು ಕಡಿದ. ಲೋಕದಲ್ಲಿ ಸುಮ್ಮನೆ ಕೇಳುವ ಸದ್ದೇ ಅವನಿಗೆ ಸಿಗಲಿಲ್ಲ. ಆ ಮಾತುಕತೆಗೂ ಎರಡು ಸಲ ಹೋಗಿ ಬಿಟ್ಟ. ಆ ಕೋಣೆಯ ಏಸಿ ಸರಿಯಿಲ್ಲವಂತೆ.

ಒಮ್ಮೆ ಮಾತ್ರ ಬಟಾಣಿ ಸುಲಿಯುತ್ತಾ, ನಮ್ಮಪ್ಪನಿಗೆ ಮೀಸೆ ಇತ್ತೋ ಇಲ್ಲವೋ ಎಂದು ಇಬ್ಬರೂ ಕಚ್ಚಾಡಿದೆವು. ಒಂದು ಗಂಟೆ ಹೋಗಿದ್ದೇ ತಿಳಿಯಲಿಲ್ಲ. ಅವನು ತಟ್ಟನೆ ಕೈ ನಿಲ್ಲಿಸಿದ.

"ಅಕ್ಕಾ, ಇಷ್ಟೊತ್ತು ಅದು ಕೇಳಲೇ ಇಲ್ಲ!"

ಹೇಳಿ ಬಾಯಿ ಮುಚ್ಚುವ ಮೊದಲೇ ಮುಖ ಬಾಡಿತು. ಇದೆಯೋ ಹೋಯಿತೋ ಎಂದು ನೋಡಿಕೊಂಡುಬಿಟ್ಟಿದ್ದ. ಅದು ಅಲ್ಲೇ ಇತ್ತು.

ಅಷ್ಟರಲ್ಲಿ ಕಾರ್ಖಾನೆಯಲ್ಲೂ ಗುಟ್ಟು ಬಯಲಾಯಿತು. ಒಣಗಿದ ಬೇರಿಂಗಿನ ಸದ್ದೂ ಅವನ ತಲೆಯ ಸದ್ದೂ ಹೆಚ್ಚುಕಡಿಮೆ ಒಂದೇ ಸ್ವರ. ಒಂದೇ ತಿಂಗಳಲ್ಲಿ ನಲವತ್ತು ಮೋಟರ್ ಕೆಟ್ಟಿವೆ ಎಂದು ಸೀಮೆಸುಣ್ಣದ ಗೀಟು ಹಾಕಿದ್ದ. ಬಿಚ್ಚಿದರೆ ಒಂದರಲ್ಲೂ ತಪ್ಪಿಲ್ಲ. ಯಜಮಾನರು ಒಳ್ಳೆಯವರೇ. ಆರು ಮೋಟರ್ ಸಾಲಾಗಿ ಇಡಿಸುತ್ತೇನೆ, ಒಂದು ಮಾತ್ರ ಕೆಟ್ಟದ್ದು, ಹುಡುಕಿದರೆ ಇದೇ ಕೆಲಸ, ಇಲ್ಲವಾದರೆ ನಾಳೆಯಿಂದ ಪ್ಯಾಕಿಂಗ್ ಎಂದರಂತೆ. ರಟ್ಟಿನ ಪೆಟ್ಟಿಗೆಗೆ ಅಂಟು ಹಚ್ಚುವ ಕೆಲಸ. ಅದಕ್ಕಿಂತ ಗುಂಡಿ ತೋಡಿ ಮಲಗಿಸಲಿ ಎಂದ ನನ್ನ ತಮ್ಮ.

ಊಟದ ಡಬ್ಬಿ ಮರೆತಿದ್ದಾನೆ ಎಂಬ ನೆಪದಲ್ಲಿ ನಾನೂ ಹೋದೆ. ಡಬ್ಬಿ ಬಚ್ಚಿಟ್ಟವಳೂ ನಾನೇ.

ಆರೂ ಓಡುತ್ತಿದ್ದವು. ಒಂದೊಂದಕ್ಕೂ ಸ್ಕ್ರೂಡ್ರೈವರ್ ಇಟ್ಟ. ಎರಡನೇ ಸುತ್ತು ಹಾಕಿದ. ಮೂರನೇ ಸುತ್ತಿನಲ್ಲಿ ಅವನ ಕುತ್ತಿಗೆಯ ಬೆವರು ನನಗೆ ಕಾಣುತ್ತಿತ್ತು.

"ಏನ್ ಸ್ಟೆತಾಸ್ಕೋಪು, ಯಾವ್ದು?" ಎಂದ ಮೋಟರಿಗೆ ಬಣ್ಣ ಹೊಡೆಯುವ ಪೇಂಟಿನವನು.

"ಆರೂ ಕೂಗ್ತಿವೆ," ಎಂದ ತಮ್ಮ, ನನಗೆ ಮಾತ್ರ ಕೇಳುವ ಹಾಗೆ. "ಎಲ್ಲದರಲ್ಲೂ ಅದೇ ಇದೆ ಅಕ್ಕಾ."

"ಕಿವಿ ಬಿಡೋ. ಕೈ ಇಟ್ಟು ನೋಡು."

"ಅದು ಕಲಿಯೋ ಹುಡುಗರ ಕೆಲಸ."

"ಹೂಂ, ಅಂಟು ಹಚ್ಚೋದು ಮಹಾರಾಜರ ಕೆಲಸ."

ಉರಿಗಣ್ಣು ಬಿಟ್ಟು ನನ್ನನ್ನು ನೋಡಿದ. ಆಮೇಲೆ ಎಲ್ಲರೆದುರಿಗೂ ಸ್ಕ್ರೂಡ್ರೈವರನ್ನು ಬೆಂಚಿನ ಮೇಲೆ ಇಟ್ಟುಬಿಟ್ಟ. ಮೂವತ್ತೆರಡು ವರ್ಷದಲ್ಲಿ ಅದು ಅವನ ಕೈ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಪೇಂಟಿನವನು ಕಿಸಕ್ಕೆಂದ. ತಮ್ಮ ಕಣ್ಣು ಮುಚ್ಚಿ ಒಂದೊಂದರ ಮೈ ಮೇಲೂ ಅಂಗೈ ಇಟ್ಟ. ನಾಲ್ಕನೆಯದರ ಮೇಲೆ ಕೈ ನಿಂತಿತು. ಐದನೆಯದಕ್ಕೆ ಹೋಯಿತು. ಮತ್ತೆ ನಾಲ್ಕಕ್ಕೆ ಬಂತು. ಬೆರಳು ನಡುಗುತ್ತಿತ್ತು. ಮೋಟರ್ ನಡುಗಿಸಿತೋ, ಅವನದೇ ನಡುಕವೋ, ಅವನಿಗೂ ತಿಳಿಯುತ್ತಿರಲಿಲ್ಲ ಎಂದು ಕಾಣುತ್ತದೆ. ನಾಲ್ಕನೆಯದರ ಮೇಲೆ ಗೀಟು ಎಳೆದ.

ಯಜಮಾನರ ಮುಖ ನಾನು ನೋಡಿದೆ, ನೋಡಬಾರದಿತ್ತು. ಸ್ವಿಚ್ಚು ಆರಿಸಿ, ನಾಲ್ಕನೆಯದರ ಮುಚ್ಚಳ ಬಿಚ್ಚಲು ಹೇಳಿದರು. ಕಾರ್ಖಾನೆಯೆಲ್ಲ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ನನ್ನ ತಮ್ಮ ಎರಡು ಕಿವಿಯನ್ನೂ ಅಂಗೈಯಿಂದ ಮುಚ್ಚಿಕೊಂಡು ನೆಲಕ್ಕೆ ಕುಕ್ಕರಿಸಿದ.

ಬೇರಿಂಗು ಹೊರಗೆ ಬಂತು. ಗುಂಡು ಸವೆದಿತ್ತೋ, ಕನ್ನಡಿಯ ಹಾಗೆ ಹೊಳೆಯುತ್ತಿತ್ತೋ, ನೀವೇ ಹೇಳಿ ನೋಡೋಣ. ಒಳ್ಳೆಯದನ್ನೇ ಹೇಳುವಿರಾದರೆ ಹೇಳಿ, ನಾನೇನು ಬೇಡ ಎನ್ನುವುದಿಲ್ಲ.