ಎರಡು ದಿನ ತಡೆದ ಫ್ಯಾಕ್ಸ್

ಸೇಲಂನ ನೂಲಿನ ಗಿರಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕೆಲಸ ನಿಂತಿತು. ಸರಿಹೋಗಲು ಮೂರು ತಿಂಗಳು ಬೇಕೆಂದ ಎಂಜಿನಿಯರ್. ಇದನ್ನು ಷೇರುಪೇಟೆಗೆ ಒಡನೆ ತಿಳಿಸಬೇಕಾದವನು ಕಂಪನಿ ಕಾರ್ಯದರ್ಶಿ ಮಾದೇಶ.

"ಕರೆಂಟ್ ಕಟ್ಟಾದದ್ದೆಲ್ಲಾ ಸುದ್ದಿ ಏನಯ್ಯಾ? ರಿಪೋರ್ಟ್ ಬರ್ಲಿ," ಎಂದು ನಕ್ಕರು ಮಾಲೀಕರು. ಮೂರು ತಿಂಗಳೆಂದರೆ ಸಣ್ಣ ಸುದ್ದಿಯಲ್ಲವೆಂದು ಮಾದೇಶ ಬಲ್ಲ. ಆದರೂ ಷೇರುಪೇಟೆಗೆಂದು ಬರೆದ ಕಾಗದ ಮೇಜಿನಲ್ಲೇ ಉಳಿಯಿತು.

ಎರಡನೆಯ ಸಂಜೆ ಹರೂರಿನಿಂದ ವಿಧವೆ ತಂಗಿ ಮೇನಕಾಳ ಫೋನು. "ಅಣ್ಣಾ, ಅವ್ರ ಪಿಎಫ್ ದುಡ್ಡೆಲ್ಲಾ ಇವತ್ತು ನಿಮ್ ಷೇರ್ಗೇ ಆಕ್ದೆ. ನೀನಿರೋವಾಗ ಭಯ ಏನೈತೆ?"

ಮರುದಿನ ರಿಪೋರ್ಟ್ ಬಂದು ಫ್ಯಾಕ್ಸ್ ಹೋಯಿತು; ಷೇರಿನ ಬೆಲೆ ಕುಸಿಯಿತು. ಮತ್ತೆ ಮೇನಕಾ: "ನಿಂಗೆ ಮೊದ್ಲೇ ಗೊತ್ತಿತ್ತಾ, ಅಣ್ಣಾ?"

ಆ ಕಾಗದದ ಮೇಲೆ, ಮಾದೇಶನದೇ ಅಕ್ಷರದಲ್ಲಿ, ಬೆಂಕಿ ಬಿದ್ದ ದಿನದ ತಾರೀಖಿತ್ತು.