ಯಾರೂ ಕೊಳ್ಳದ ಮಧ್ಯದ ಬೆಲೆ

ಅಳಿಯ ಮಾಡಿಕೊಟ್ಟ ವೆಬ್‌ಪುಟ ಅತ್ತೆಗೆ ಮೊದಲ ದಿನದಿಂದಲೇ ಸರಿಬರಲಿಲ್ಲ. ಲಾಂಡ್ರಿ ಅವಳದು. ಗಂಡ ತೀರಿಕೊಂಡ ಮೇಲೆ ಒಂದು ಮೆಷಿನ್ನಿನಿಂದ ಶುರುಮಾಡಿ ನಾಲ್ಕಕ್ಕೆ ಬೆಳೆಸಿದ್ದಳು. ಒಂದು ಗುಂಡಿ ಕಳೆದರೂ ಹುಡುಕಿ ಹೊಲಿದು ಕೊಡುವವಳು ಅಂತ ಬೀದಿಯಲ್ಲಿ ಹೆಸರಿತ್ತು. ಆ ಹೆಸರೇ ಅವಳ ಆಸ್ತಿ. ಅದನ್ನು ಈ ಮಹಾನುಭಾವ ಕಂಪ್ಯೂಟರಿನಲ್ಲಿ ಕೂತು ಹಾಳುಮಾಡಿಬಿಟ್ಟರೆ?

ಪುಟದಲ್ಲಿ ತಿಂಗಳ ದರ ಮೂರು. ಹತ್ತು ಕೆಜಿ ಒಗೆತ ಆರುನೂರು. ಇಪ್ಪತ್ತು ಕೆಜಿ ಬರೀ ಒಗೆತ ಒಂಬೈನೂರ ಎಂಬತ್ತು. ಇಪ್ಪತ್ತು ಕೆಜಿ ಒಗೆತ ಮತ್ತು ಇಸ್ತ್ರಿ ಸಾವಿರ. ಸಾವಿರದ ಪಕ್ಕದಲ್ಲಿ ಗೆರೆ ಎಳೆದ ಸಾವಿರದ ನಾನೂರು ಬೇರೆ.

"ಅಳಿಯಂದ್ರೇ, ಈಗ ಇಲ್ಲದ ಬೆಲೆ ಬರೆದು ಗೆರೆ ಎಳೆದಿದ್ದೀರಲ್ಲ, ಇದು ಕಣ್ಣಿಗೆ ಮಣ್ಣೆರಚೋ ಕೆಲಸ ಅಲ್ವಾ?" ಅಂದಳು.

ಅವನು ಸಿಟ್ಟಾಗದೆ ಹಳೇ ಬಿಲ್ಲುಗಳನ್ನು ಮುಂದಿಟ್ಟ. ದೊಡ್ಡ ಮೆಷಿನ್ ಬರುವವರೆಗೂ ಇದೇ ಕೆಲಸಕ್ಕೆ ಅವಳೇ ತಿಂಗಳುಗಟ್ಟಲೆ ಸಾವಿರದ ನಾನೂರು ತಗೊಂಡಿದ್ದಳು. "ಕೊಟ್ಟವರಿದ್ದಾರೆ ಅತ್ತೆ, ಅದಕ್ಕೇ ತೋರಿಸಿದ್ದೀನಿ. ಬರೋ ತಿಂಗಳು ತೆಗೆದುಬಿಡ್ತೀನಿ. ಹಳೇದಾದ ಬೆಲೆನ ವರ್ಷಗಟ್ಟಲೆ ತೋರಿಸಿದ್ರೆ ಅದು ಸುಳ್ಳೇ."

"ಸರಿ, ಈ ಮಧ್ಯದ್ದು? ಇಪ್ಪತ್ತು ಉಳಿಸೋಕೆ ಇಸ್ತ್ರಿ ಬಿಡೋ ಮಂಕು ಯಾರಿದ್ದಾರೆ?"

"ಯಾರೂ ತಗೊಳ್ಳಲ್ಲ. ಅದನ್ನ ನೋಡಿದ್ಮೇಲೆ ಮೂರನೇದು ಅಗ್ಗ ಅನಿಸುತ್ತೆ, ಅಷ್ಟೇ. ಆದ್ರೆ ಯಾರಾದ್ರೂ ಕೇಳಿದ್ರೆ ಬರೆದ ಹಾಗೇ ಕೊಡಬೇಕು." ಆ ದರದ ಚೀಲಗಳಿಗೆ ಕಟ್ಟಲು "ಇಸ್ತ್ರಿ ಬೇಡ" ಅಂತ ಬರೆದ ಹಳದಿ ಚೀಟಿಗಳ ಕಟ್ಟನ್ನೂ ಕೊಟ್ಟ.

ಅತ್ತೆಗೆ ಅನುಮಾನ ಹೋಗಲಿಲ್ಲ. ಬೆಣ್ಣೆಯಂಥ ಮಾತಾಡುವ ಇವನನ್ನು ನಂಬುವುದು ಹೇಗೆ! ಸಾವಿರ ರೂಪಾಯಿ ದರದ ಚೀಲಗಳು ಬಂದು ಬಿದ್ದಷ್ಟೂ ಅವಳ ಮುಖ ಗಂಟಾಯಿತು. ಯಾರೂ ಕೇಳದ ಚೀಟಿಗೆ ಕೌಂಟರ್ ಮೇಲೆ ಜಾಗ ಯಾಕೆ ಅಂತ ಆ ಕಟ್ಟನ್ನು ಡ್ರಾಯರಿಗೆ ತುರುಕಿ, ಇಸ್ತ್ರಿಯಣ್ಣನಿಗೆ, "ಬಂದದ್ದಕ್ಕೆಲ್ಲ ಇಸ್ತ್ರಿ ಹೊಡಿ, ತಲೆ ಕೆಡಿಸ್ಕೋಬೇಡ" ಅಂದಳು.

ಆ ಮಧ್ಯದ ದರವನ್ನು ಕೊಂಡವರು ಬಂದೇಬಿಟ್ಟರು. ಬೀದಿ ಕೊನೆಯ ರಂಗಮಂದಿರದಲ್ಲಿ ವೇಷಭೂಷಣ ನೋಡಿಕೊಳ್ಳುವ ಮೇಡಂ. ಒಗೆದು ಕೊಟ್ಟ ಚೀಲ ಬಿಚ್ಚಿದವರೇ ಕೌಂಟರಿಗೆ ಓಡಿಬಂದರು. ಸಣ್ಣ ಸಣ್ಣ ನೆರಿಗೆಯ ಎಂಟು ಲಂಗಗಳು ಹಾಳೆಯ ಹಾಗೆ ಚಪ್ಪಟೆಯಾಗಿದ್ದವು.

"ಬರೀ ಒಗೆತ ಅಂತ ದುಡ್ಡು ಕೊಟ್ಟಿದ್ದೀನಿ! ನಾಳೆ ಸಂಜೆ ಪ್ರದರ್ಶನ ಕಣಮ್ಮ. ಇಸ್ತ್ರಿ ಬೇಡ ಅಂತಾನೇ ಅದನ್ನ ಆರಿಸಿದ್ದು. ಏನು, ಪುಟದಲ್ಲಿರೋದು ಬರೀ ತೋರಿಕೆಗಾ?"

ಅತ್ತೆ ಗರ್ರನೆ ಅಳಿಯನ ಕಡೆ ತಿರುಗಿದಳು. ಸಿಕ್ಕಿಬಿದ್ದೆಯಲ್ಲ ಮಗನೇ, ಅಂತ ಒಳಗೊಳಗೇ ಒಂಥರಾ ಸಮಾಧಾನ. "ಹೇಳಿ ಅಳಿಯಂದ್ರೇ, ಆ ಬೆಲೆ ಯಾಕಿಟ್ರಿ, ಇವರ ಮುಖ ನೋಡಿ ಹೇಳಿ."

ಅವನು ತಡವರಿಸಲಿಲ್ಲ. "ಮೂರನೇದು ಅಗ್ಗವಾಗಿ ಕಾಣಲಿ ಅಂತ ಇಟ್ಟೆ ಮೇಡಂ. ಇಸ್ತ್ರಿಯಣ್ಣನಿಗೆ ತಿಂಗಳ ಸಂಬಳ. ಇಸ್ತ್ರಿ ಬಿಟ್ರೆ ನಮಗೆ ಉಳಿಯೋದೂ ಆ ಇಪ್ಪತ್ತೇ. ಆದ್ರೆ ತಗೊಂಡವರಿಗೆ ಹೇಳಿದ್ದು ಸಿಗಲೇಬೇಕಿತ್ತು. ಇದು ಹೇಗೆ ಇಸ್ತ್ರಿಯಾಯ್ತೋ ನನಗೆ ಗೊತ್ತಿಲ್ಲ."

ಒಳಗಿನಿಂದ ಇಸ್ತ್ರಿಯಣ್ಣ ಕೂಗಿದ: "ಅಮ್ಮಾವ್ರೇ ಹೇಳಿದ್ದಲ್ವಾ, ಎಲ್ಲದಕ್ಕೂ ಹೊಡಿ ಅಂತ? ಆರ್ಡರಲ್ಲಿ ಏನಿತ್ತೋ, ಚೀಲದ ಮೇಲಂತೂ ಚೀಟಿ ಇರಲಿಲ್ಲ."

ಅಯ್ಯೋ ದೇವರೇ! ಇಷ್ಟು ದಿನ ಮೋಸ ಎಲ್ಲಿದೆ ಅಂತ ಅಳಿಯನ ಬೆನ್ನ ಹಿಂದೆ ಹುಡುಕಿದ್ದಳು. ಚೀಟಿಗಳನ್ನು ಡ್ರಾಯರಿಗೆ ತುರುಕಿ ಪುಟದ ನಿಜವಾದ ಮಾತನ್ನು ಸುಳ್ಳು ಮಾಡಿದ್ದು ತಾನೇ. ನಾಚಿಕೆಯಿಂದ ಸತ್ತುಹೋಗುವಂತಾಯಿತು.

"ಅವರ ತಪ್ಪಿಲ್ಲ ಮೇಡಂ, ನನ್ನದು," ಅಂದಳು. "ದುಡ್ಡು ವಾಪಸ್ ತಗೊಳ್ಳಿ. ಲಂಗ ಇಲ್ಲೇ ಬಿಡಿ, ನಾಳೆ ಮಧ್ಯಾಹ್ನ ನೆರಿಗೆ ಸಮೇತ ಕೊಡ್ತೀನಿ."

ಮೇಡಂ ಹೋದ ಮೇಲೆ ಅತ್ತೆ ಬಟ್ಟೆ ಒದ್ದೆಮಾಡಿ ನೆರಿಗೆ ಹಿಡಿದಳು, ಅಳಿಯ ಆ ತುದಿ ಹಿಡಿದ, ಇಸ್ತ್ರಿಯಣ್ಣ ದಾರ ಹಾಕಿ ಬಿಗಿದ. ಎರಡನೇ ಲಂಗದ ಹೊತ್ತಿಗೆ ಅಳಿಯ ಕೇಳಿದ, "ಮಧ್ಯದ ದರ ತೆಗೆದುಬಿಡ್ಲಾ ಅತ್ತೆ?"

"ಬೇಡ. ಬೇಕಾದವರಿದ್ದಾರಲ್ಲ. ಆದ್ರೆ ಅದರ ಕೆಳಗೇ ಬರಿ, ಇಸ್ತ್ರಿ ಬೇಡದವರಿಗೆ ಮಾತ್ರ, ಬೇಕಾದವರು ಇಪ್ಪತ್ತು ಹೆಚ್ಚು ಕೊಟ್ಟು ಮೂರನೇದು ತಗೊಳ್ಳಿ ಅಂತ."

"ಗುಟ್ಟೆಲ್ಲ ನಾವೇ ಬಿಟ್ಟುಕೊಟ್ಟ ಹಾಗಾಯ್ತು," ಅಂತ ಅವನು ನಕ್ಕ.

"ಆಗಲಿ. ಬಾಯಿಬಿಟ್ಟು ಹೇಳೋಕಾಗದ ಬೆಲೆ ನನ್ನ ಅಂಗಡೀಲಿ ಬೇಡ," ಅಂದಳು. 'ಬರೀರಿ' ಅನ್ನದೆ 'ಬರಿ' ಅಂತ ಅವನನ್ನು ಮೊದಲ ಸಲ ಏಕವಚನದಲ್ಲಿ ಮಾತಾಡಿಸಿದ್ದು ಇಬ್ಬರಿಗೂ ಆಮೇಲೆ ಗೊತ್ತಾಯಿತು.

ಮರುದಿನ ಮೇಡಂ ನೆರಿಗೆಗಳನ್ನು ಎರಡೆರಡು ಸಲ ಎಳೆದು ನೋಡಿದರು. ಇನ್ನೊಂದು ಚೀಲ ಕೌಂಟರಿನ ಮೇಲಿಟ್ಟು, ಅತ್ತೆಯ ಕೈಯನ್ನೇ ನೋಡುತ್ತಾ ನಿಂತರು. ಅತ್ತೆ ಡ್ರಾಯರ್ ಎಳೆದು, ಹಳದಿ ಚೀಟಿ ತೆಗೆದು, ಚೀಲದ ಬಾಯಿಗೆ ಎರಡು ಗಂಟು ಹಾಕಿ ಕಟ್ಟಿದಳು. ಆಮೇಲೆಯೇ ಮೇಡಂ ಹೊರಟರು.